ಬೀದರಿನ ಕೆಂಪು ಮಣ್ಣಿನ ಮೇಲೆ ಇನ್ನೂ ಕಟ್ಟದ ಮನೆ

ಕಲಬುರಗಿಯಲ್ಲಿ ಮನೆ ಪ್ಲಾನ್ ಮತ್ತು ಎಲಿವೇಶನ್ ಮಾಡುವುದು ನನ್ನ ಕೆಲಸ. ಎಲಿವೇಶನ್ ಚಿತ್ರವನ್ನು ಎಐನಿಂದ ಮಾಡಿಸುವುದು ಈಗ ಸುಲಭ. ಆ ಮನೆಯನ್ನು ಖಾಲಿ ಸೈಟಿನ ನಿಜವಾದ ಫೋಟೋದಲ್ಲಿ ಕೂರಿಸುವುದು ಮಾತ್ರ ಬೇರೆಯೇ ಕೆಲಸ. ಎಐ ತನ್ನದೇ ಬಿಸಿಲು, ತನ್ನದೇ ಕ್ಯಾಮೆರಾ ಎತ್ತರ ಇಟ್ಟುಕೊಂಡು ಮನೆ ಬರೆಯುತ್ತದೆ. ಅದನ್ನು ಸುಮ್ನೆ ಕತ್ತರಿಸಿ ಅಂಟಿಸಿದರೆ ಮನೆ ನೆಲದಿಂದ ಎದ್ದು ತೇಲುತ್ತದೆ. ಅದಕ್ಕೇ ನಾನು ಮೊದಲು ಫೋಟೋವನ್ನು ಅಳೆಯುತ್ತೇನೆ. ಮನೆ ಆಮೇಲೆ.

ಬೀದರಿನ ಹೊರವಲಯದ ಒಂದು ಸೈಟನ್ನೇ ತೆಗೆದುಕೊಳ್ಳೋಣ. 30×40, ನೇರ ಪೂರ್ವಕ್ಕೆ ಮುಖ, ಎದುರಿಗೆ ರಸ್ತೆ, ಉತ್ತರಕ್ಕೆ ಇನ್ನೊಂದು ಖಾಲಿ ಜಾಗ. ಕಟ್ಟುವುದು ನೆಲಮಹಡಿ ಮತ್ತು ಮೇಲೊಂದು ಮಹಡಿ, ಪ್ಯಾರಾಪೆಟ್ ಸೇರಿ 7 ಮೀಟರ್ ಎತ್ತರ. ಸಂಕ್ರಾಂತಿಯ ಆಸುಪಾಸು. ಪೂರ್ವದ ಮುಖ ಮಧ್ಯಾಹ್ನದ ಮೇಲೆ ಪೂರ್ತಿ ನೆರಳಿಗೆ ಬೀಳುತ್ತದೆ, ಹಾಗಾಗಿ ಫೋಟೋ ಬೆಳಿಗ್ಗೆಯೇ ಆಗಬೇಕು. ಒಂಬತ್ತೂವರೆಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ. ನಾನು ಈಶಾನ್ಯ ಮೂಲೆಯ ಕಡೆ ನಿಂತೆ. ಅಲ್ಲಿಂದ ಬಿಸಿಲು ಬಿದ್ದ ಪೂರ್ವದ ಗೋಡೆಯೂ ಕಾಣುತ್ತದೆ, ನೆರಳಿನ ಉತ್ತರದ ಗೋಡೆಯೂ ಕಾಣುತ್ತದೆ. ನೆಲದ ಮೇಲಿನ ನೆರಳು ಬಲಕ್ಕೆ ಚಾಚಿಕೊಳ್ಳುತ್ತದೆ. ಆಗ್ನೇಯದಲ್ಲಿ ನಿಂತಿದ್ದರೆ ಬಿಸಿಲು ಬೆನ್ನ ಹಿಂದಿರುತ್ತಿತ್ತು. ಎರಡೂ ಗೋಡೆ ಬೆಳಗಿ, ಮನೆ ಹಾಳೆಯಂತೆ ಚಪ್ಪಟೆಯಾಗುತ್ತಿತ್ತು.

ಫೋಟೋ ತೆಗೆಯುವ ಮುಂಚೆ ಎರಡು ಕೆಲಸ. ಒಂದು, ಗೌಂಡಿಗೆ ಹೇಳಿ ಸೈಟಿನ ಗಡಿಯನ್ನು ಸುಣ್ಣದ ಪುಡಿಯಲ್ಲಿ ಗೆರೆ ಹೊಡೆಸಿದೆ. ಅಳತೆ ಗೊತ್ತಿರುವ ಆಯ ನೆಲದ ಮೇಲಿದ್ದರೆ ಪರ್‌ಸ್ಪೆಕ್ಟಿವ್ ಲೆಕ್ಕಕ್ಕೆ ಬೇಕಾದ ಗೆರೆಗಳೆಲ್ಲಾ ಸಿಕ್ಕ ಹಾಗೆ. ಇನ್ನೊಂದು, 2 ಮೀಟರಿನ ಕೋಲನ್ನು ಒಳಂಬ ಹಿಡಿದು ನೆಟ್ಟಗೆ ನಿಲ್ಲಿಸಿದೆ. "ಸರ್, ಕೋಲು ಯಾಕ್ರಿ, ಫೋಟೋದಾಗ ಅಡ್ಡ ಬರ್ತದಲ್ರಿ" ಎಂದರು ಗೌಂಡಿ. ಆ ಕೋಲಿನ ನೆರಳೇ ನನಗೆ ಬೇಕಿದ್ದದ್ದು. ಅಳೆದರೆ 3.3 ಮೀಟರ್. ಎರಡನ್ನು 3.3ರಿಂದ ಭಾಗಿಸಿದರೆ ಸುಮಾರು 0.6 ಬರುತ್ತದೆ, ಅಂದರೆ ಸೂರ್ಯ 31 ಡಿಗ್ರಿ ಎತ್ತರದಲ್ಲಿದ್ದಾನೆ. ನೆರಳು ಬಿದ್ದದ್ದು ವಾಯವ್ಯಕ್ಕೆ, ಉತ್ತರದಿಂದ ಬಲಕ್ಕೆ ಸುತ್ತಿ ಎಣಿಸಿದರೆ 310 ಡಿಗ್ರಿಗೆ, ಹಾಗಾಗಿ ಅದರ ಎದುರಿನ ಸೂರ್ಯನ ದಿಕ್ಕು 130 ಡಿಗ್ರಿ.

ಮೊಬೈಲನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಮೇಲೆ ಕೆಳಗೆ ವಾಲಿಸದೆ ಹಿಡಿಯುತ್ತೇನೆ. 0.5 ಲೆನ್ಸ್ ಬೇಡ, 1x ಸಾಕು. ತೆಗೆದ ಫೋಟೋವನ್ನು ಕ್ರಾಪ್ ಮಾಡಬಾರದು. ಫೋಟೋದ ಗೆರೆಗಳಿಂದ ಕ್ಯಾಮೆರಾ ಎಲ್ಲಿತ್ತು ಎಂದು ಲೆಕ್ಕ ಹಾಕುವ fSpy ಎಂಬ ತಂತ್ರಾಂಶವನ್ನು ನಾನು ಬಳಸುವ ವಿಧಾನದಲ್ಲಿ ಲೆನ್ಸಿನ ನಡು ಫೋಟೋದ ನಡುವೆಯೇ ಇದೆ ಎಂದು ಅದು ನಂಬುತ್ತದೆ. ಒಂದು ಬದಿ ಕತ್ತರಿಸಿದರೆ ಲೆಕ್ಕ ತಪ್ಪುತ್ತದೆ, ಆದರೆ ಪರದೆಯ ಮೇಲೆ ಎಲ್ಲಾ ಸರಿಯಾಗೇ ಕಾಣುತ್ತದೆ. ಸುಣ್ಣದ ಗೆರೆಗಳ ಮೇಲೆ fSpy ಗೆರೆ ಕೂರಿಸಿ, Y ಅಕ್ಷವನ್ನು ಉತ್ತರಕ್ಕೆ ಇಟ್ಟು, ಆ ಕ್ಯಾಮೆರಾವನ್ನು Blender ಎಂಬ 3D ತಂತ್ರಾಂಶಕ್ಕೆ ತಂದೆ. ಅಲ್ಲಿ ಸೂರ್ಯನಿಗೆ ಕೊಟ್ಟದ್ದು ಇಷ್ಟೇ:

```
Rotation X = 90 - 31  = 59
Rotation Z = 180 - 130 = 50
```

ಮನೆ ಇಡುವ ಮುಂಚೆ ಅಲ್ಲೇ 2 ಮೀಟರಿನ ಇನ್ನೊಂದು ಕೋಲು ನಿಲ್ಲಿಸುತ್ತೇನೆ, ಫೋಟೋದ ಕೋಲಿನ ಮೇಲೆ ಸರಿಯಾಗಿ. ಇದರ ನೆರಳು ಅದರ ನೆರಳಿನ ಮೇಲೆಯೇ ಬೀಳಬೇಕು. ತುದಿ ಬೇರೆ ಕಡೆ ಹೋದರೆ ಕ್ಯಾಮೆರಾ ಅಥವಾ ಸೂರ್ಯ ಎಲ್ಲೋ ತಪ್ಪಿದೆ. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಹತ್ತಿರ ದಾರಿ ತಪ್ಪುತ್ತದೆ, ಅದಕ್ಕೇ ನನಗೆ ಕೋಲಿನ ಮೇಲೇ ಜಾಸ್ತಿ ನಂಬಿಕೆ.

ಆಮೇಲೆ ಮನೆಯ ಒರಟು ಮಾದರಿ. ಬರೀ ಡಬ್ಬಿ ಸಾಲದು. ಕಿಟಕಿಯ ಕಂಡಿ, ಸಜ್ಜಾ, ಬಾಲ್ಕನಿ, ಮೆಟ್ಟಿಲು ಎಲ್ಲಾ ಇರಬೇಕು. ಯಾವ ಭಾಗ ಎಷ್ಟು ದೂರ ಎಂದು ತೋರಿಸುವ ಈ ಮಾದರಿಯ ಡೆಪ್ತ್ ಚಿತ್ರವನ್ನು, ಎಐಯನ್ನು ಆ ಆಕಾರಕ್ಕೇ ಹಿಡಿದಿಡುವ ControlNetಗೆ ಕೊಟ್ಟು ಎಐನಿಂದ ಮುಂಭಾಗ ಬರೆಸುತ್ತೇನೆ. ಬಿಸಿಲು ಬೇಡ, ಮೋಡ ಕವಿದ ದಿನದ ಬೆಳಕು ಬೇಕು ಎಂದೇ ಕೇಳುತ್ತೇನೆ. ಎಐ ಬರೆದ ಬಿಸಿಲು ಒಂದು ಕಿಟಕಿಗೆ ಎಡದಿಂದ, ಇನ್ನೊಂದಕ್ಕೆ ಬಲದಿಂದ ಬರಬಹುದು. ನೆರಳಿಲ್ಲದ ಚಿತ್ರ ಸಿಕ್ಕರೆ Blenderನ ನೆರಳನ್ನೇ ಅದರ ಮೇಲೆ ಹಾಕಬಹುದು. ಡೆಪ್ತ್ ಹಿಡಿತ ಸಡಿಲವಾದರೆ ಎಐ ಸಜ್ಜಾವನ್ನು ಜರುಗಿಸಿಬಿಡುತ್ತದೆ, ಆಗ ನೆರಳು ಒಂದು ಕಡೆ, ಸಜ್ಜಾ ಇನ್ನೊಂದು ಕಡೆ. ನಾನು ನೋಡುವ ಗುರುತು ಇದು: ಎರಡು ಅಡಿ ಸಜ್ಜಾದ ನೆರಳು ಈ ಬಿಸಿಲಿಗೆ ಪೂರ್ವದ ಗೋಡೆಯ ಮೇಲೆ ಸುಮಾರು ಒಂದೂವರೆ ಅಡಿ ಇಳಿಯಬೇಕು, ಅಷ್ಟೇ ಉತ್ತರದ ಕಡೆಗೂ ಸರಿಯಬೇಕು.

ನೆಲಕ್ಕೆ Blenderನಲ್ಲಿ ಒಂದು ಸಮತಟ್ಟು ಹಾಳೆ ಹಾಸಿ ಅದಕ್ಕೆ Shadow Catcher ಕೊಟ್ಟರೆ ನೆರಳು ಮಾತ್ರ ಬೇರೆಯಾಗಿ ಸಿಗುತ್ತದೆ. 7 ಮೀಟರ್ ಪ್ಯಾರಾಪೆಟ್ಟಿನ ನೆರಳು ಹನ್ನೊಂದೂವರೆ ಮೀಟರ್ ಚಾಚುತ್ತದೆ, ಉತ್ತರದ ಗೋಡೆಯಿಂದ ಏಳು ಮೀಟರಿಗೂ ಮೀರಿ ಪಕ್ಕದ ಸೈಟಿನೊಳಕ್ಕೆ ಹೋಗುತ್ತದೆ. ಅಲ್ಲಿನ ಜಾಲಿ ಗಿಡಗಳ ಮೇಲೆ ಅದು ಹತ್ತಿ ಇಳಿಯಬೇಕು, ಚಾಪೆಯಂತೆ ಹಾಸಿ ಬಿಡಬಾರದು. ಗಿಡ ಇರುವ ಕಡೆ ನಾನು ಕೈಯಿಂದ ತಿದ್ದುತ್ತೇನೆ. ಗೋಡೆ ಬುಡದಲ್ಲಿ ನೆರಳಿನ ಅಂಚು ಚೂಪಾಗಿರುತ್ತದೆ, ದೂರದ ತುದಿಯಲ್ಲಿ ಒಂದು ಗೇಣಿನಷ್ಟು ಮಸುಕಾಗುತ್ತದೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿಯ ತಟ್ಟೆ, ಅದಕ್ಕೆ ಹಾಗೆ.

ನೆರಳಿನ ಬಣ್ಣಕ್ಕೆ ಕಪ್ಪು ಬಳಿಯುವುದು ತುಂಬಾ ಕಡೆ ನೋಡುತ್ತೇನೆ. ಬಣ್ಣ ಫೋಟೋದಲ್ಲೇ ಇದೆ, ಕೋಲಿನ ನೆರಳಿನಲ್ಲಿ. ಬಿಸಿಲಿನ ಕೆಂಪು ಮಣ್ಣು 200, 130, 96 ಇತ್ತು. ಪಕ್ಕದಲ್ಲೇ ನೆರಳಿನ ಮಣ್ಣು 70, 52, 48. ಕೆಂಪು ಶೇಕಡಾ 35ಕ್ಕೆ ಇಳಿದಿದೆ, ಹಸಿರು 40ಕ್ಕೆ, ನೀಲಿ 50ಕ್ಕೆ. ನೆರಳಿಗೆ ಆಕಾಶದ ನೀಲಿ ಬೆಳಕು ಬರುತ್ತಲೇ ಇರುತ್ತದೆ ಅಲ್ವಾ, ಅದಕ್ಕೇ ನೀಲಿ ಕಡಿಮೆ ಕುಸಿಯುತ್ತದೆ. ಈ ಪಾಲುಗಳನ್ನು 255ರಿಂದ ಗುಣಿಸಿದರೆ 89, 102, 128. ಈ ಬಣ್ಣವನ್ನು ನೆರಳಿನ ಜಾಗಕ್ಕೆ ತುಂಬಿ ಲೇಯರನ್ನು Multiply ಮಾಡಿದರೆ ಹೊಸ ನೆರಳು ಕೋಲಿನ ನೆರಳಿಗೆ ಹೊಂದಿಕೊಳ್ಳುತ್ತದೆ. ಆದರೆ ಫೋಟೋದಲ್ಲಿ ಮೊದಲೇ ನೆರಳಿದ್ದ ಜಾಗವನ್ನು, ಅಂದರೆ ಗಿಡ, ಕಂಬಗಳ ನೆರಳನ್ನು ಲೇಯರಿನಿಂದ ಅಳಿಸಬೇಕು. ನೆರಳಿನ ಮೇಲೆ ನೆರಳು ಬಿದ್ದು ಇನ್ನೂ ಕಪ್ಪಾಗುವುದು ನಿಜವಾದ ಬಿಸಿಲಿನಲ್ಲಿ ಇಲ್ಲ.

ಇಷ್ಟಾದರೂ ಪೂರ್ವದ ಗೋಡೆಯ ಬುಡ ಇನ್ನೂ ತೇಲುತ್ತದೆ. ಆ ಬದಿ ಬಿಸಿಲು ನೇರವಾಗಿ ಬೀಳುತ್ತದೆ, ನೆಲದ ಮೇಲೆ ನೆರಳೇ ಇಲ್ಲ. ಅಲ್ಲಿ ಬೇಕಾದದ್ದು ಗೋಡೆ ಮತ್ತು ಮಣ್ಣು ಸೇರುವ ಸಂದಿನ ತೆಳು ಕಪ್ಪು. ಅಲ್ಲಿಗೆ ಆಕಾಶದ ಬೆಳಕು ಅರ್ಧವಷ್ಟೇ ತಲುಪುತ್ತದೆ. ಸಂದಿನಲ್ಲಿ ಒಂದೆರಡು ಬೆರಳಗಲ ಗಾಢ, ಅಲ್ಲಿಂದ ಒಂದು ಅಡಿಯೊಳಗೆ ಕರಗಿ ಹೋಗಬೇಕು. ಅದರ ಮೇಲೆ ಫೋಟೋದ್ದೇ ಹುಲ್ಲು, ಹರಳು, ಮಣ್ಣಿನ ಗುಡ್ಡೆಯನ್ನು ಗೋಡೆಯ ಮುಂದಕ್ಕೆ ತರುತ್ತೇನೆ. ಬುಡದ ಗೆರೆ ಅಲ್ಲಲ್ಲಿ ಮುಚ್ಚಿದರೆ ಮನೆ ನೆಲಕ್ಕೆ ಕೂರುತ್ತದೆ.

ಕೊನೆಗೆ ಮಣ್ಣಿನ ಬಣ್ಣ. ಬೀದರಿನ ಕೆಂಪು ನೆಲ ಬಿಸಿಲಿಗೆ ಕೆಂಪು ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಸಜ್ಜಾ ಮತ್ತು ಬಾಲ್ಕನಿಯ ಅಡಿಭಾಗ, ಗೋಡೆಯ ಕೆಳಗಿನ ಭಾಗ ತುಸು ಕೆಂಪಾಗಬೇಕು. ಕಲಬುರಗಿಯ ಕಪ್ಪು ಮಣ್ಣಿನಲ್ಲಿ ಇದು ಬೇಡವೇ ಬೇಡ, ಅಡಿಭಾಗ ಅಲ್ಲಿ ಮಂಕಾಗೇ ಇರುತ್ತದೆ. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ತಿಳಿ ಬೂದು ಬೆಳಕು.

ಮಳೆಗಾಲದ ಮೋಡದಲ್ಲಿ ತೆಗೆದ ಫೋಟೋಗೆ ಈ ಕೋಲಿನ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಚಾಚಿದ ನೆರಳನ್ನೇ ಹಾಕಬಾರದು. ಬುಡದ ಸಂದಿನ ಕಪ್ಪನ್ನು ಮಾತ್ರ ಇನ್ನಷ್ಟು ಅಗಲವಾಗಿ, ಇನ್ನಷ್ಟು ಮೆದುವಾಗಿ ಹಾಕಬೇಕು.