ಜರ್ಮನಿಯಲ್ಲಿ ಪ್ರೋಟೀನ್ ಲೆಕ್ಕ: ಪ್ಯಾಕೆಟ್ಟಿನ ಮುಂಭಾಗ ಬಿಡಿ, ಹಿಂಭಾಗ ಓದಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಬಂದವರು ಇಲ್ಲಿ ಮೊದಲು ಹುಡುಕುವುದು ರಾಗಿ ಹಿಟ್ಟು. ಇಂಡಿಯನ್ ಅಂಗಡಿಯ ಬೆಲೆ ನೋಡಿ ಕಣ್ಣು ಬಿಡುತ್ತಾರೆ, ಆದರೂ 'ಪ್ರೋಟೀನ್ ಬೇಕಲ್ಲ' ಎಂದು ಕೊಳ್ಳುತ್ತಾರೆ. ರಾಗಿಯಲ್ಲಿ 100 ಗ್ರಾಂಗೆ ಪ್ರೋಟೀನ್ 7 ಗ್ರಾಂ ಆಸುಪಾಸು ಅಷ್ಟೆ. ಎಲ್ಲ ಕಡೆ ಅಗ್ಗಕ್ಕೆ ಸಿಗುವ ಓಟ್ಸ್‌ನಲ್ಲಿ 13. ಮುದ್ದೆ ಊಟದ ಪ್ರೋಟೀನ್ ಹೆಚ್ಚಾಗಿ ಇದ್ದದ್ದು ಸಾರಿನ ಅವರೆಕಾಳು, ಹುರುಳಿಕಾಳಿನಲ್ಲಿ. ರಾಗಿಯ ದೊಡ್ಡ ಕೊಡುಗೆ ಕ್ಯಾಲ್ಸಿಯಂ. ನಾಲಿಗೆ ಕೇಳಿದಾಗ ತನ್ನಿ, ಪ್ರೋಟೀನಿಗಾಗಿ ಬೇಡ.

ಜೇಬಿಗೆ ನಿಜವಾದ ಕತ್ತರಿ ಬೀಳುವುದು ಸೂಪರ್‌ಮಾರ್ಕೆಟ್ಟಿನಲ್ಲಿ, 'ಹೈ ಪ್ರೋಟೀನ್' ಎಂದು ದಪ್ಪಕ್ಷರದಲ್ಲಿ ಬರೆದ ಪ್ಯಾಕೆಟ್ಟುಗಳ ಮುಂದೆ. ಯುರೋಪಿನ ಕಾನೂನಿನಲ್ಲಿ ಆ ಮಾತಿಗೆ ಅರ್ಥ ಇಷ್ಟೇ: ಆ ಪದಾರ್ಥದ ಕ್ಯಾಲೊರಿಯಲ್ಲಿ ಶೇ 20ರಷ್ಟು ಪ್ರೋಟೀನಿನಿಂದ ಬರಬೇಕು. 12ರಷ್ಟಿದ್ದರೂ 'ಪ್ರೋಟೀನಿನ ಮೂಲ' ಎಂದು ಬರೆಯಬಹುದು. ಒಂದು ಗ್ರಾಂ ಪ್ರೋಟೀನಿಗೆ 4 ಕ್ಯಾಲೊರಿ. ಅಂದರೆ 100 ಗ್ರಾಂಗೆ 400 ಕ್ಯಾಲೊರಿಯ ಮ್ಯೂಸ್ಲಿಯಲ್ಲಿ 20 ಗ್ರಾಂ ಪ್ರೋಟೀನ್ ಇದ್ದರೆ ಸಾಕು, ಹಣೆಪಟ್ಟಿ ಸಿಕ್ಕಿಬಿಡುತ್ತದೆ. ಉಳಿದ ಶೇ 80 ಸಕ್ಕರೆಯೋ ಎಣ್ಣೆಯೋ ಆಗಿದ್ದರೂ ಈ ಪಟ್ಟಿಗೆ ಅಡ್ಡಿಯಿಲ್ಲ.

ಆ ಮ್ಯೂಸ್ಲಿಯನ್ನೇ ಸಾದಾ ಓಟ್ಸ್ ಜೊತೆ ತೂಗಿ ನೋಡಿ. ಬೆಳಿಗ್ಗೆ 50 ಗ್ರಾಂ ತಿಂದರೆ ಮ್ಯೂಸ್ಲಿಯಿಂದ 10 ಗ್ರಾಂ, ಓಟ್ಸ್‌ನಿಂದ ಆರೂವರೆ. ವ್ಯತ್ಯಾಸ ಮೂರೂವರೆ ಗ್ರಾಂ. ಇದನ್ನು ತುಂಬಲು ಎರಡು ದೊಡ್ಡ ಚಮಚ ಮಾಗರ್‌ಕ್ವಾರ್ಕ್ ಸಾಕು. ಕೆನೆ ತೆಗೆದ ಹಾಲನ್ನು ಹೆಪ್ಪುಹಾಕಿ ನೀರು ಸೋಸಿದ, ನಮ್ಮ ಗಟ್ಟಿ ಮೊಸರಿನಂಥ ಪದಾರ್ಥ ಅದು. 100 ಗ್ರಾಂಗೆ 12 ಗ್ರಾಂ ಪ್ರೋಟೀನ್. ಅರ್ಧ ಕಿಲೋ ಡಬ್ಬಿಯಲ್ಲಿ 60 ಗ್ರಾಂ ಸಿಗುತ್ತದೆ. ಜಾಹೀರಾತಿನ ಅಬ್ಬರವಿಲ್ಲದೆ ಕೆಳಗಿನ ಶೆಲ್ಫಿನಲ್ಲಿ ಕೂತಿರುವುದರಿಂದ ಹೊಸಬರ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿನ ವ್ಯವಸ್ಥೆಯ ಒಂದು ಗುಣ ಮೆಚ್ಚಬೇಕು. ಬೆಲೆಪಟ್ಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಕಿಲೋ ಲೆಕ್ಕದ ದರ ಇರುತ್ತದೆ, ಅದಕ್ಕೆ ಗ್ರುಂಡ್‌ಪ್ರೈಸ್ ಎನ್ನುತ್ತಾರೆ. ಅದನ್ನು 100 ಗ್ರಾಂನಲ್ಲಿರುವ ಪ್ರೋಟೀನಿನಿಂದ ಭಾಗಿಸಿ. ಉತ್ತರ ಚಿಕ್ಕದಾದಷ್ಟೂ ಲಾಭ. ಕ್ವಾರ್ಕ್ ಕಿಲೋಗೆ 3 ಯೂರೋ ಎಂದಿಟ್ಟುಕೊಂಡರೆ 3 ಭಾಗಿಸು 12, ಅಂದರೆ 0.25. ಪನೀರ್ 15 ಯೂರೋ, ಪ್ರೋಟೀನ್ 18 ಆದರೆ 0.83. ಮೂರು ಪಟ್ಟಿಗೂ ಹೆಚ್ಚು.

ಕಾಳಿನ ಲೆಕ್ಕದಲ್ಲಿ ತಪ್ಪುವುದು ತೂಕದಲ್ಲಿ. ಕೆಂಪು ಬೇಳೆ, ಇಲ್ಲಿನವರ ರೋಟೆ ಲಿನ್ಸೆನ್, ತೊಗರಿಬೇಳೆಯ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ, ಕುಕ್ಕರ್ ಇಲ್ಲದೆಯೂ 15 ನಿಮಿಷಕ್ಕೆ ಬೇಯುತ್ತದೆ. ಪ್ಯಾಕೆಟ್ಟಿನಲ್ಲಿ 100 ಗ್ರಾಂಗೆ ಬರೆದಿರುವ 24 ಗ್ರಾಂ ಪ್ರೋಟೀನ್ ಒಣ ಬೇಳೆಯದ್ದು. ಬೆಂದ ಬೇಳೆ ತೂಗಿದರೆ 100 ಗ್ರಾಂಗೆ 8–9 ಮಾತ್ರ. ಟಿನ್ ರಾಜ್ಮಾದಲ್ಲಿ ಇನ್ನೊಂದು ಗುಂಡಿ. ಮೇಲೆ 400 ಗ್ರಾಂ ಎಂದಿದ್ದರೂ ನೀರು ಬಸಿದ ತೂಕ, ಅಂದರೆ ಆಬ್‌ಟ್ರೋಪ್‌ಗೆವಿಖ್ಟ್, 240–250 ಗ್ರಾಂ ಇರುತ್ತದೆ. 100 ಗ್ರಾಂಗೆ 7 ಗ್ರಾಂ ಪ್ರೋಟೀನಿನ ಕಾಳಾದರೆ ಟಿನ್ನಿಗೆ 28 ಅಲ್ಲ, 17.

60 ಕಿಲೋ ತೂಕದ, ಕಿಡ್ನಿ ತೊಂದರೆ ಇಲ್ಲದ ಒಬ್ಬರು ದಿನಕ್ಕೆ 70 ಗ್ರಾಂ ಗುರಿ ಇಟ್ಟುಕೊಂಡರೆ ಹೀಗೆ ಹೊಂದಿಸಬಹುದು. ಬೆಳಿಗ್ಗೆ 50 ಗ್ರಾಂ ಓಟ್ಸ್, 150 ಗ್ರಾಂ ಕ್ವಾರ್ಕ್, 24 ಆಯಿತು. ಮಧ್ಯಾಹ್ನ 60 ಗ್ರಾಂ ಒಣ ಬೇಳೆಯ ಸಾರು, 75 ಗ್ರಾಂ ಅಕ್ಕಿಯ ಅನ್ನ, 19. ರಾತ್ರಿ ಎರಡು ಚಪಾತಿ, 150 ಗ್ರಾಂ ಗಟ್ಟಿ ತೋಫು ಪಲ್ಯ, ಸುಮಾರು 27. ತೋಫುವನ್ನು ಬಟ್ಟೆಯಲ್ಲಿ ಸುತ್ತಿ ಭಾರ ಇಟ್ಟು ನೀರು ಹಿಂಡದಿದ್ದರೆ ಮಸಾಲೆ ಹಿಡಿಯುವುದಿಲ್ಲ.

ಕ್ವಾರ್ಕನ್ನು ಕುದಿಯುವ ಸಾರಿಗೆ ಸುರಿದರೆ ಒಡೆದು ಮರಳು ಮರಳಾಗುತ್ತದೆ. ಮಜ್ಜಿಗೆ ಹುಳಿಗೆ ಬಳಸುವುದಾದರೆ ನೀರು, ಒಂದು ಚಮಚ ಕಡಲೆ ಹಿಟ್ಟು ಹಾಕಿ ಕಡೆದುಕೊಂಡು, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬಿಸಿಮಾಡಿ. ಪನೀರ್ ಮನೆಯಲ್ಲೇ ಮಾಡುವವರು ಫ್ರಿಜ್ಜಿನಲ್ಲಿಟ್ಟು ಮಾರುವ ತಾಜಾ ಹಾಲು ತನ್ನಿ. ಹೊರಗೇ ಜೋಡಿಸಿಟ್ಟ ಹೆಚ್-ಮಿಲ್ಖ್ ವಿಪರೀತ ಕಾಯಿಸಿದ್ದಾದ್ದರಿಂದ ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ.

ಶುದ್ಧ ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ. ಚೀಸ್, ಕೆಲವು ಕ್ವಾರ್ಕ್‌ಗಳನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ಲಾಬ್ ಎಂಬ ಕಿಣ್ವ ಬಳಸಿರಬಹುದು. ಬೇರೇನೂ ಬೆರೆಸದ ಚೀಸ್‌ಗೆ ಪದಾರ್ಥಗಳ ಪಟ್ಟಿಯೇ ಕಡ್ಡಾಯವಲ್ಲ, ಹಾಗಾಗಿ ಹೆಸರು ಕಾಣದಿದ್ದರೆ ಇಲ್ಲವೆಂದು ತಿಳಿಯಬೇಡಿ. ಸಸ್ಯಾಹಾರದ ಗುರುತಾದ ಹಸಿರು-ಹಳದಿ ವಿ-ಲೇಬಲ್ ಇದೆಯೇ, 'ಮಿಕ್ರೋಬಿಯೆಲ್', ಅಂದರೆ ಸೂಕ್ಷ್ಮಜೀವಿಗಳಿಂದ ತಯಾರಾದ ಲಾಬ್ ಎಂದು ಬರೆದಿದೆಯೇ ನೋಡಿ. ಎರಡೂ ಇಲ್ಲದಿದ್ದರೆ ತೋಫುವಿನ ಕಡೆ ಹೋಗಿ.