ಎಷ್ಟು ಕಾಯಿನ್ ತಗೋಬೇಕು? ಮೊದಲು ಸ್ಟಾಪ್ ನೋಡಿ

ಸಣ್ಣ ಖಾತೆ ಇರೋರು ಸಾಮಾನ್ಯವಾಗಿ ಮೊದಲು ಐದು ಸಾವಿರದ ಕ್ರಿಪ್ಟೋ ಕಾಯಿನ್ ತಗೊಂಡು, ಆಮೇಲೆ ಸ್ಟಾಪ್, ಅಂದರೆ ಬೆಲೆ ಬಿದ್ದರೆ ತಾನಾಗಿ ಮಾರಾಟವಾಗುವ ಮಟ್ಟ, ಎಲ್ಲಿಡೋದು ಅಂತ ಯೋಚಿಸುತ್ತಾರೆ. ಇದನ್ನು ತಿರುಗಿಸಿ ಮಾಡಿ.

ಖಾತೆಯಲ್ಲಿ 20,000 ರೂಪಾಯಿ ಇದೆ ಅಂದುಕೊಳ್ಳಿ. ಒಂದು ಟ್ರೇಡ್‌ನಲ್ಲಿ 1% ಮಾತ್ರ ಕಳೆದುಕೊಳ್ಳಬಹುದು, ಅಂದರೆ 200 ರೂಪಾಯಿ. ಒಂದು ಸೊಲಾನಾ ಕಾಯಿನ್ 12,000ಕ್ಕೆ ಸಿಗುತ್ತಿದೆ ಅಂತಿಟ್ಟುಕೊಳ್ಳಿ, ಚಾರ್ಟ್‌ನಲ್ಲಿ ಹಿಂದಿನ ತಗ್ಗಿನ ಕೆಳಗೆ 11,520ಕ್ಕೆ ಸ್ಟಾಪ್ ಇಡುತ್ತೀರಿ. ಅಂತರ 480. 200 ಅನ್ನು 480ರಿಂದ ಭಾಗಿಸಿದರೆ ಸುಮಾರು 0.416 ಸೊಲಾನಾ, ಹತ್ತಿರ ಹತ್ತಿರ 5,000 ರೂಪಾಯಿಯದ್ದು.

ಆದರೆ ಇಲ್ಲಿಗೇ ನಿಲ್ಲಿಸಬೇಡಿ. ಕೊಳ್ಳುವಾಗ 0.2%, ಮಾರುವಾಗ 0.2% ಶುಲ್ಕ ಇದ್ದರೆ ಒಂದು ಕಾಯಿನ್‌ಗೆ ಇನ್ನೂ ಸುಮಾರು 48 ರೂಪಾಯಿ ಹೋಗುತ್ತದೆ, ಹಾಗಾಗಿ ಅಂತರವನ್ನು 528 ಅಂತ ಹಿಡಿದು ಲೆಕ್ಕ ಹಾಕಿ. 0.378 ಬರುತ್ತದೆ, ನಾನಾದರೆ 0.37ಕ್ಕೆ ಇಳಿಸುತ್ತೇನೆ, ಮೇಲಕ್ಕೆ ಯಾವತ್ತೂ ಅಲ್ಲ. ಮಾರುವಾಗ ಕಡಿತವಾಗುವ 1% ಟಿಡಿಎಸ್ ನಷ್ಟವಲ್ಲ, ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿಯವರೆಗೆ ಆ ದುಡ್ಡು ಖಾತೆಯಲ್ಲಿರಲ್ಲ. ಅದಕ್ಕೇ ಮುಂದಿನ ಟ್ರೇಡ್‌ಗೆ 1% ಅನ್ನು ಉಳಿದ ಬ್ಯಾಲೆನ್ಸ್ ಮೇಲೆ ಹಾಕಿ.

ಜಾಸ್ತಿ ಕಾಯಿನ್ ಬೇಕು ಅಂತ ಸ್ಟಾಪನ್ನು 11,900ಕ್ಕೆ ಎಳೆಯುವವರನ್ನು ತುಂಬ ನೋಡಿದ್ದೇನೆ. ಸೊಲಾನಾ ಅಷ್ಟನ್ನು ಒಂದು ಗಂಟೆಯಲ್ಲೇ ಸುಮ್ನೆ ಅಲ್ಲಾಡಿಸಿಬಿಡುತ್ತದೆ! ಲೆವರೇಜ್ ತಗೊಂಡರೂ ಈ 0.37 ಬದಲಾಗಬಾರದು, ಕಟ್ಟುವ ಮಾರ್ಜಿನ್ ಮಾತ್ರ ಕಡಿಮೆಯಾಗುತ್ತದೆ ಅಷ್ಟೇ. ಬೆಲೆ ಒಮ್ಮೆಲೇ ಕುಸಿದರೆ ಸ್ಟಾಪ್ 11,520ಕ್ಕಿಂತ ಕೆಳಗೆ ಮಾರಾಟ ಆಗಬಹುದು, ಅದರಲ್ಲೂ ವಹಿವಾಟು ಕಡಿಮೆ ಇರುವ ಕಾಯಿನ್‌ನಲ್ಲಿ. ಅಂಥದ್ದಕ್ಕೆ ನಾನು 1% ಬದಲು ಅರ್ಧ ಪರ್ಸೆಂಟ್ ಹಾಕುತ್ತೇನೆ.