ಸೊಪ್ಪು ಬಿಟ್ಟಾಗ ಏರುಪೇರು, ತೂಗಿ ತಿಂದಾಗ ಹತೋಟಿ: ನನ್ನ ಐಎನ್‌ಆರ್ ಕಥೆ

ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡ ಮೇಲೆ "ಸೊಪ್ಪು ಮುಟ್ಲೇಬೇಡ" ಅಂತ ಹೇಳದವರೇ ಇಲ್ಲ. ನಾನೂ ಒಂದೂವರೆ ವರ್ಷ ತಟ್ಟೆಗೆ ಎಲೆ ಹಾಕಿಸಿಕೊಳ್ಳಲಿಲ್ಲ. ಆದರೂ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತೆ ಅಂತ ತೋರಿಸೋ ಐಎನ್‌ಆರ್ ಅನ್ನೋ ಅಂಕಿ ಉಯ್ಯಾಲೆ ಆಡುತ್ತಿತ್ತು. ನನಗೆ ಇರಬೇಕಾದ್ದು 2ರಿಂದ 3.

ಒಂದು ಸಲ ನೆಂಟರ ಮನೆಯಲ್ಲಿ ಎರಡು ದಿನ ಪಾಲಕ್ ಪಲ್ಯ ಚೆನ್ನಾಗಿ ಹೊಡೆದೆ. ಆ ವಾರದ ಟೆಸ್ಟ್‌ನಲ್ಲಿ 1.6. ಡಾಕ್ಟರು ರಕ್ತ ಹೆಪ್ಪುಗಟ್ಟದಂತೆ ತಡೆಯೋ ವಾರ್ಫರಿನ್ ಮಾತ್ರೆ ಏರಿಸಿದರು. ನಾನು ಹೆದರಿ ಮತ್ತೆ ಸೊಪ್ಪು ಬಿಟ್ಟೆ. ಹತ್ತು ದಿನಕ್ಕೆ 4.2, ಹಲ್ಲುಜ್ಜಿದರೆ ಬೇಸಿನ್ ಕೆಂಪು. ತಿಂಗಳಿಗೊಂದು ಟೆಸ್ಟ್ ಸಾಕಾಗಬೇಕಿತ್ತು, ವಾರಕ್ಕೆರಡು ಮಾಡಿಸಿ ಜೇಬು ಖಾಲಿ.

ತಪ್ಪು ಎಲ್ಲಿತ್ತು? ಲಿವರ್ ರಕ್ತ ಹೆಪ್ಪುಗಟ್ಟಿಸೋ 2, 7, 9, 10ನೇ ಫ್ಯಾಕ್ಟರ್‌ಗಳನ್ನು ತಯಾರಿಸಿದರೂ, ಕ್ಯಾಲ್ಸಿಯಂ ಹಿಡಿಯೋ ಕೊಕ್ಕೆ ಇಲ್ಲದೆ ಅವು ಕೆಲಸಕ್ಕೆ ಬರಲ್ಲ. ಆ ಕೊಕ್ಕೆ ಹಾಕೋಕೆ ಸೊಪ್ಪಿನಲ್ಲಿ ಹೇರಳವಾಗಿರೋ ವಿಟಮಿನ್ ಕೆ ಬೇಕು. ಬಳಸಿದ ವಿಟಮಿನ್ ಕೆಯನ್ನು ದೇಹ ಮತ್ತೆ ಮತ್ತೆ ಸರಿಮಾಡಿ ಬಳಸುತ್ತದೆ. ವಾರ್ಫರಿನ್ ಅಡ್ಡ ಬರೋದು ಅಲ್ಲೇ. ಹಾಗಾಗಿ ನಮ್ಮದು ಹೆಚ್ಚುಕಡಿಮೆ ಅವತ್ತು ತಿಂದದ್ದರ ಮೇಲೆ ನಡೆಯೋ ಸಂಸಾರ. ಡಬ್ಬಿಯೇ ಖಾಲಿ ಇದ್ದಾಗ ಒಂದು ಹಿಡಿ ಬಿದ್ದರೂ ದೊಡ್ಡ ಬದಲಾವಣೆ. ದಿನಾ ಒಂದಿಷ್ಟು ಬೀಳುತ್ತಿದ್ದರೆ ಅದೇ ಹಿಡಿ ಅಷ್ಟಾಗಿ ಗೊತ್ತಾಗಲ್ಲ.

ದಿನಾ ಸೊಪ್ಪು ತಿಂತೀನಿ ಅಂದಾಗ ಮನೆಯವರು ನಕ್ಕರು. ಡಾಕ್ಟರು ಮಾತ್ರ ಒಪ್ಪಿದರು, ಒಂದು ತಿಂಗಳು ವಾರವಾರ ಟೆಸ್ಟ್ ಮಾಡಿಸಬೇಕು ಅನ್ನೋ ಷರತ್ತಿನ ಮೇಲೆ. ಮೊದಲು ಕಪ್‌ನಲ್ಲಿ ಅಳೆದೆ, ಕೆಟ್ಟೆ. ಒಂದು ದಿನ ಒತ್ತಿ ತುಂಬಿದರೆ ಇನ್ನೊಂದು ದಿನ ಸಡಿಲ. ಆಮೇಲೆ ತಕ್ಕಡಿ ತಂದೆ. ಹಸಿ ಪಾಲಕ್ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು 120 ಮೈಕ್ರೊಗ್ರಾಂ ವಿಟಮಿನ್ ಕೆ. ಒಂದು ಚಮಚ ಎಣ್ಣೆಯಲ್ಲಿ ಬಾಡಿಸುತ್ತೇನೆ, ಇದು ಕೊಬ್ಬಿನ ಜೊತೆ ಚೆನ್ನಾಗಿ ಮೈಗೆ ಹತ್ತುವಂಥದ್ದು. ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ತಿನ್ನಲ್ಲ. ಊರಿಗೆ ಹೋದಾಗ ಏನು ಮಾಡ್ತೀನಿ ಅನ್ನೋದು ಸದ್ಯಕ್ಕೆ ನನ್ನ ಗುಟ್ಟು.

ಮೊದಲೆರಡು ವಾರ ಐಎನ್‌ಆರ್ 1.8ಕ್ಕೆ ಇಳಿಯಿತು. ಡಾಕ್ಟರು 5 ಮಿಲಿಗ್ರಾಂ ಇದ್ದ ಮಾತ್ರೆಯನ್ನು ಐದೂವರೆಗೆ ಏರಿಸಿದರು. ಮಾತ್ರೆ ಜಾಸ್ತಿ ಆಯ್ತಲ್ಲ ಅಂತ ಬೇಜಾರಾಯ್ತು, ಆದರೆ ಬೇಕಾಗಿದ್ದು ಕಡಿಮೆ ಮಾತ್ರೆಯಲ್ಲ, ಅಲುಗಾಡದ ಐಎನ್‌ಆರ್ ಅಲ್ವಾ? ಆಮೇಲೆ ಆರೇಳು ತಿಂಗಳು 2.2ರಿಂದ 2.8ರ ಒಳಗೇ ಇದೆ.

ನಡುವೆ ಗ್ರೀನ್ ಟೀ ಕುಡಿದೂ ನೋಡಿದೆ, ದಿನಕ್ಕೆ ಎರಡು ಲೋಟ. ಏನೂ ಆಗಲಿಲ್ಲ. ಎಲೆಯಲ್ಲಿರೋ ವಿಟಮಿನ್ ಕೆ ನೀರಿಗೆ ಇಳಿಯೋದು ತೀರಾ ಕಡಿಮೆ. ಸೋಯಾ ಎಣ್ಣೆಗೆ ಬದಲಿಸಿದಾಗ ಮಾತ್ರ ಐಎನ್‌ಆರ್ ಸ್ವಲ್ಪ ಇಳಿದಂತೆ ಅನಿಸಿತು, ವಾಪಸ್ ಹಳೇ ಎಣ್ಣೆಗೇ ಬಂದೆ.

ಹೋದ ತಿಂಗಳು ಹೊಟ್ಟೆ ಕೆಟ್ಟು, ಐದು ದಿನ ಆಂಟಿಬಯಾಟಿಕ್ ನುಂಗಿ, ಊಟವೂ ಸರಿ ಇಲ್ಲದೆ ಐಎನ್‌ಆರ್ 3.8ಕ್ಕೆ ಹಾರಿತು. ತಕ್ಕಡಿ ಅಲ್ಲಿ ಏನೂ ಮಾಡಲ್ಲ. ಈಗ ಹೊಸ ಮಾತ್ರೆ ಯಾವುದೇ ಬರೆದರೂ ಮೊದಲ ದಿನವೇ ವಾರ್ಫರಿನ್ ಡಾಕ್ಟರಿಗೆ ಫೋನ್ ಮಾಡುತ್ತೇನೆ.